ಇಬ್ಬರೋ, ಹಲವರೋ? ಹೀಬ್ರೂ ಮತ್ತು ಅರಬಿ ಧರ್ಮಗ್ರಂಥಗಳಲ್ಲಿ ದ್ವಿವಚನವನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ದ್ವಿವಚನ ಹೊಸದೇನಲ್ಲ. ಬಾಲಕಃ, ಬಾಲಕೌ, ಬಾಲಕಾಃ ಎಂದು ಬಾಯಿಪಾಠ ಮಾಡುವಾಗ ನಡುವಿನ ಆ ರೂಪ ಯಾಕೆ ಬೇಕು ಎಂದು ಗೊಣಗಿದವರೇ ಹೆಚ್ಚು. ಕನ್ನಡಕ್ಕೆ ಒಂದು ಮತ್ತು ಹಲವು ಸಾಕು. ಕುರ್‌ಆನ್ ಮತ್ತು ಹೀಬ್ರೂ ಬೈಬಲನ್ನು ಓದುವಾಗ ಮಾತ್ರ ಈ ನಡುವಿನ ರೂಪವನ್ನು ಗಮನಿಸದಿದ್ದರೆ ಯಾರು ಯಾರಿಗೆ ಏನು ಹೇಳಿದರು ಎಂಬುದೇ ಕಲಸಿಹೋಗುತ್ತದೆ. ಅನುವಾದದ ಒಂದು ಸಾಲನ್ನು ಮೂಲದೊಂದಿಗೆ ಹೋಲಿಸಿ ದ್ವಿವಚನ ಎಲ್ಲಿದೆ, ಎಲ್ಲಿ ಕಳೆದುಹೋಗಿದೆ ಎಂದು ಪತ್ತೆಹಚ್ಚುವ ಕ್ರಮ ಇಲ್ಲಿದೆ. ಲಿಪಿ ಓದಲು ಬರದವರಿಗೂ ಪದವಾರು ವಿವರ ಕೊಡುವ ಜಾಲತಾಣಗಳ ನೆರವಿನಿಂದ ಇದನ್ನು ಮಾಡಬಹುದು.

ಹೆಜ್ಜೆ 1: ಯಾವ ಭಾಷೆಯಲ್ಲಿ ಎಲ್ಲಿ ಹುಡುಕಬೇಕು

ಎರಡು ಭಾಷೆಗಳೂ ಒಂದೇ ಕುಟುಂಬದವು. ಆದರೂ ದ್ವಿವಚನದ ಮಟ್ಟಿಗೆ ಅವುಗಳ ನಡುವೆ ಬಹಳ ಅಂತರವಿದೆ.

ಅರಬಿಯಲ್ಲಿ ದ್ವಿವಚನ ನಾಮಪದ, ವಿಶೇಷಣ, ಸರ್ವನಾಮ, ಕ್ರಿಯಾಪದ ಎಲ್ಲದರಲ್ಲೂ ಇದೆ. ನಾಮಪದದ ಕೊನೆಯಲ್ಲಿ ‘ಆನಿ’ ಅಥವಾ ‘ಐನಿ’ ಬರುತ್ತದೆ. ‘ಜನ್ನತ್’ ಎಂದರೆ ಉದ್ಯಾನ, ‘ಜನ್ನತಾನಿ’ ಎಂದರೆ ಎರಡು ಉದ್ಯಾನ. ವಾಕ್ಯದಲ್ಲಿ ಅದರ ಸ್ಥಾನ ಬದಲಾದರೆ ‘ಜನ್ನತೈನಿ’ ಆಗುತ್ತದೆ. ಸರ್ವನಾಮದಲ್ಲಿ ‘ಕುಮ್’ ಎಂದರೆ ನಿಮ್ಮೆಲ್ಲರ, ‘ಕುಮಾ’ ಎಂದರೆ ನಿಮ್ಮಿಬ್ಬರ. ‘ಹುಮ್’ ಎಂದರೆ ಅವರೆಲ್ಲರ, ‘ಹುಮಾ’ ಎಂದರೆ ಅವರಿಬ್ಬರ. ಆಜ್ಞಾರ್ಥದಲ್ಲಿ ‘ಕುಲ್’ ಒಬ್ಬನಿಗೆ ‘ಹೇಳು’, ‘ಕೂಲೂ’ ಹಲವರಿಗೆ, ‘ಕೂಲಾ’ ಇಬ್ಬರಿಗೆ. ಕೊನೆಯ ಒಂದು ಸ್ವರದಲ್ಲೇ ಎಲ್ಲ ಇದೆ.

ಹೀಬ್ರೂವಿನಲ್ಲಿ ದ್ವಿವಚನ ಉಳಿದಿರುವುದು ನಾಮಪದಗಳಲ್ಲಿ ಮಾತ್ರ, ಅದೂ ಕೆಲವೇ ಗುಂಪುಗಳಲ್ಲಿ. ಗುರುತು ‘ಆಯಿಮ್’. ಜೋಡಿ ಅಂಗಗಳು (ಯಾದಾಯಿಮ್ ಕೈಗಳು, ಎನಾಯಿಮ್ ಕಣ್ಣುಗಳು), ಕಾಲದ ಅಳತೆಗಳು (ಯೋಮಾಯಿಮ್ ಎರಡು ದಿನ), ಕೆಲವು ಸಂಖ್ಯೆಗಳು (ಮಾತಾಯಿಮ್ ಇನ್ನೂರು), ಎರಡು ಭಾಗ ಸೇರಿ ಆಗುವ ವಸ್ತುಗಳು (ಮೋಜ್ನಾಯಿಮ್ ತಕ್ಕಡಿ, ರೇಖಾಯಿಮ್ ಬೀಸುವ ಕಲ್ಲು). ‘ನೀವಿಬ್ಬರು’ ಎನ್ನಲು ಹೀಬ್ರೂವಿನಲ್ಲಿ ಪ್ರತ್ಯೇಕ ಸರ್ವನಾಮವಿಲ್ಲ. ಆದ್ದರಿಂದ ಹೀಬ್ರೂವಿನಲ್ಲಿ ಮೋಶೆ ಆರೋನರೊಂದಿಗಿನ ಮಾತುಕತೆಯಲ್ಲಿ ದ್ವಿವಚನ ಹುಡುಕುತ್ತ ಕೂತರೆ ಸಮಯ ವ್ಯರ್ಥ. ಅದೇ ಮಾತುಕತೆ ಕುರ್‌ಆನಿನಲ್ಲಿ ಬಂದಾಗ ಪ್ರತಿ ಕ್ರಿಯಾಪದವನ್ನೂ ನೋಡಬೇಕು.

ಹೆಜ್ಜೆ 2: ಪದದ ರೂಪ ನೋಡಿ, ಆದರೆ ಕಿವಿಯನ್ನು ನಂಬಬೇಡಿ

‘ಆನ್’ ಎಂದು ಮುಗಿದದ್ದೆಲ್ಲ ದ್ವಿವಚನವಲ್ಲ. ಇದಕ್ಕೆ ಒಳ್ಳೆಯ ಪರೀಕ್ಷೆ ಕುರ್‌ಆನಿನ 55ನೇ ಅಧ್ಯಾಯ, ಅರ್‌ರಹ್ಮಾನ್. ಅದರ ಮೊದಲ ಏಳು ವಾಕ್ಯಗಳ ಕೊನೆಯ ಪದಗಳು ಹೀಗಿವೆ: ಅರ್‌ರಹ್ಮಾನ್, ಅಲ್‌ಕುರ್‌ಆನ್, ಅಲ್‌ಇನ್ಸಾನ್, ಅಲ್‌ಬಯಾನ್, ಹುಸ್ಬಾನ್, ಯಸ್ಜುದಾನ್, ಅಲ್‌ಮೀಜಾನ್. ಏಳೂ ಒಂದೇ ಪ್ರಾಸ. ದ್ವಿವಚನ ಇರುವುದು ಆರನೆಯದರಲ್ಲಿ ಮಾತ್ರ: ಯಸ್ಜುದಾನಿ, ‘ಎರಡೂ ಸಾಷ್ಟಾಂಗ ಎರಗುತ್ತವೆ’. ಉಳಿದವುಗಳಲ್ಲಿ ‘ಆನ್’ ಎಂಬುದು ಪದದ ಅಂಗವೇ ಆಗಿದೆ.

ನಾಮಪದವನ್ನು ಪರೀಕ್ಷಿಸುವ ಬಗೆ ಸುಲಭ. ಅದೇ ಪದ ವಾಕ್ಯದಲ್ಲಿ ಬೇರೆ ಸ್ಥಾನಕ್ಕೆ ಹೋದಾಗ ‘ಐನಿ’ ಆದರೆ ಅದು ದ್ವಿವಚನ. ‘ಜನ್ನತಾನಿ’ ಅದೇ ಅಧ್ಯಾಯದ 54ನೇ ವಾಕ್ಯದಲ್ಲಿ ‘ಜನ್ನತೈನಿ’ ಆಗುತ್ತದೆ. ‘ಇನ್ಸಾನ್’ 14ನೇ ವಾಕ್ಯದಲ್ಲಿ ಕರ್ಮವಾಗಿ ಬಂದಾಗಲೂ ‘ಇನ್ಸಾನ’ ಎಂದೇ ಉಳಿಯುತ್ತದೆ.

ವ್ಯಾಕರಣ ಬರದವರು corpus.quran.com ತೆರೆದು ಬೇಕಾದ ವಾಕ್ಯಕ್ಕೆ ಹೋಗಿ ಪದದ ಪಕ್ಕದ ವಿವರ ನೋಡಬಹುದು. ಅಲ್ಲಿ dual ಎಂದಿದ್ದರೆ ಮುಗಿಯಿತು. ಹೀಬ್ರೂವಿಗೆ ಪದರೂಪದ ಸಂಕೇತಗಳಿರುವ ಪಠ್ಯ ಬಳಸಿ. ಮುಕ್ತವಾಗಿ ಸಿಗುವ Open Scriptures Hebrew Bible, ಅಂದರೆ OSHB ಪಠ್ಯದಲ್ಲಿ ನಾಮಪದದ ಸಂಕೇತ ಹೀಗಿರುತ್ತದೆ:

```
HNcfda
HNcmpa
```

ಇದರಲ್ಲಿ ಐದನೇ ಅಕ್ಷರ ನೋಡಿ. d ಇದ್ದರೆ ದ್ವಿವಚನ, p ಇದ್ದರೆ ಬಹುವಚನ, s ಇದ್ದರೆ ಏಕವಚನ.

ಹೀಬ್ರೂವಿನಲ್ಲೂ ವೇಷಧಾರಿಗಳಿದ್ದಾರೆ. ಶಾಮಾಯಿಮ್ (ಆಕಾಶ), ಮಾಯಿಮ್ (ನೀರು) ಎರಡೂ ದ್ವಿವಚನದಂತೆ ಕೇಳಿಸುತ್ತವೆ, ಆದರೆ ವ್ಯಾಕರಣದಲ್ಲಿ ಇವು ಬಹುವಚನಗಳು. ಆದಿಕಾಂಡದ ಮೊದಲ ವಾಕ್ಯದಿಂದ ‘ಎರಡು ಆಕಾಶ’ಗಳ ಸಿದ್ಧಾಂತ ಹೊರಡಿಸುವವರು ಆಗಾಗ ಕಾಣಸಿಗುತ್ತಾರೆ, ಅದಕ್ಕೆ ಆಧಾರವಿಲ್ಲ. ಇದಕ್ಕಿಂತ ನವಿರಾದ ತೊಡಕು ಯೆಶಾಯ 6:2ರಲ್ಲಿದೆ. ದೇವರ ಸನ್ನಿಧಿಯ ದೂತರಾದ ಸೆರಾಫಿಯರಿಗೆ ‘ಶೇಶ್ ಕೆನಾಫಾಯಿಮ್’ ಇದ್ದವು ಎಂದಿದೆ: ಶೇಶ್ ಎಂದರೆ ಆರು, ಕೆನಾಫಾಯಿಮ್ ರೂಪದಲ್ಲಿ ದ್ವಿವಚನ. ಆರು ಜೊತೆ, ಅಂದರೆ ಹನ್ನೆರಡು ರೆಕ್ಕೆ ಎಂದು ಲೆಕ್ಕ ಹಾಕಬಾರದು. ಜೋಡಿಯಾಗಿಯೇ ಇರುವ ಅಂಗಗಳಿಗೆ ಹೀಬ್ರೂ ಎಷ್ಟೇ ಸಂಖ್ಯೆ ಇರಲಿ ಈ ರೂಪವನ್ನೇ ಬಳಸುತ್ತದೆ. ಅದೇ ವಾಕ್ಯ ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿ ಎರಡರಿಂದ ಹಾರಿದರು ಎಂದು ಲೆಕ್ಕ ಒಪ್ಪಿಸುತ್ತದೆ. ಒಟ್ಟು ಆರೇ.

ಹೆಜ್ಜೆ 3: ಸ್ವರಚಿಹ್ನೆ ತೆಗೆದರೆ ಏನಾಗುತ್ತದೆ ಎಂದು ನೋಡಿ

ದ್ವಿವಚನ ತಪ್ಪಿಹೋಗಲು ಒಂದು ದೊಡ್ಡ ಕಾರಣ ಲಿಪಿಯಲ್ಲೇ ಇದೆ. ಎರಡೂ ಲಿಪಿಗಳು ಮೂಲದಲ್ಲಿ ವ್ಯಂಜನಗಳನ್ನು ಬರೆಯುವಂಥವು, ಸ್ವರಚಿಹ್ನೆಗಳು ನಂತರ ಸೇರಿದವು. ಕನ್ನಡದಲ್ಲಿ ಕಾಗುಣಿತ ಇಲ್ಲದೆ ಅಕ್ಷರವೇ ಇಲ್ಲವಾದ್ದರಿಂದ ಈ ಕಷ್ಟ ನಮಗೆ ತಟ್ಟನೆ ಹೊಳೆಯುವುದಿಲ್ಲ.

ಅರಣ್ಯಕಾಂಡ 9:22 ತೆಗೆದುಕೊಳ್ಳಿ. ಮೇಘವು ಗುಡಾರದ ಮೇಲೆ ಎಷ್ಟು ಕಾಲ ನಿಂತರೂ ಇಸ್ರಾಯೇಲ್ಯರು ಅಷ್ಟು ಕಾಲ ಹೊರಡದೆ ಇರುತ್ತಿದ್ದರು ಎಂಬ ಸಂದರ್ಭ. ಮೂಲದಲ್ಲಿ ‘ಯೋಮಾಯಿಮ್, ಅಥವಾ ತಿಂಗಳು, ಅಥವಾ ಯಾಮೀಮ್’ ಎಂದಿದೆ. ಮೊದಲನೆಯದು ಎರಡು ದಿನ. ಕೊನೆಯದು ‘ದಿನಗಳು’, ಇಲ್ಲಿ ತಿಂಗಳಿಗಿಂತ ದೀರ್ಘವಾದ ಅವಧಿ, ಸಾಮಾನ್ಯವಾಗಿ ಒಂದು ವರ್ಷ ಎಂದು ಅರ್ಥ ಮಾಡುತ್ತಾರೆ. ಈ ಎರಡು ಪದಗಳೂ ಇಲ್ಲಿ ಬರೆದಿರುವುದು ಒಂದೇ ನಾಲ್ಕು ಅಕ್ಷರಗಳಲ್ಲಿ: ಯೋದ್, ಮೇಮ್, ಯೋದ್, ಮೇಮ್. ಸ್ವರಚಿಹ್ನೆ ಮುಚ್ಚಿದರೆ ಕಣ್ಣಿಗೆ ಒಂದೇ ಪದ ಎರಡು ಬಾರಿ ಕಾಣುತ್ತದೆ. ಬಾಯಿಂದ ಬಾಯಿಗೆ ಬಂದ ಓದಿನ ಕ್ರಮ ಮತ್ತು ಎರಡು ದಿನ, ತಿಂಗಳು, ಇನ್ನೂ ಹೆಚ್ಚು ಎಂದು ಏರುತ್ತ ಹೋಗುವ ವಾಕ್ಯದ ನಡೆ ಇವೆರಡೇ ಅವನ್ನು ಬೇರ್ಪಡಿಸುವುದು.

ಯಾಜಕಕಾಂಡ 12:5ರಲ್ಲಿ ಪರಿಣಾಮ ಇನ್ನೂ ದೊಡ್ಡದು. ಹೆಣ್ಣು ಮಗು ಹೆತ್ತವಳು ‘ಶೆವುಆಯಿಮ್’, ಅಂದರೆ ಎರಡು ವಾರ, ಅಶುದ್ಧಳಾಗಿರುತ್ತಾಳೆ ಎಂಬುದು ಓದು. ಅದೇ ವ್ಯಂಜನಗಳನ್ನು ‘ಶಿವ್‌ಈಮ್’ ಎಂದು ಓದಿದರೆ ಎಪ್ಪತ್ತು. ಹದಿನಾಲ್ಕು ದಿನವೋ ಎಪ್ಪತ್ತು ದಿನವೋ? ಇದು ಕುಚೋದ್ಯದ ಪ್ರಶ್ನೆಯಲ್ಲ, ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಸನ್‌ಹೆದ್ರಿನ್ ಭಾಗದಲ್ಲಿ ಶಿಷ್ಯರು ನಿಜವಾಗಿ ಎತ್ತಿದ ಪ್ರಶ್ನೆ. ಉತ್ತರವನ್ನು ನೀವೇ ಲೆಕ್ಕ ಹಾಕಿ ಪರೀಕ್ಷಿಸಬಹುದು. ಗಂಡು ಮಗುವಿಗೆ ಮೊದಲು 7 ದಿನ, ಆಮೇಲೆ 33 ದಿನ. ಹೆಣ್ಣು ಮಗುವಿಗೆ ಮೊದಲು ಈ ಪದ, ಆಮೇಲೆ 66 ದಿನ. ಎರಡನೇ ಅವಧಿ ಸರಿಯಾಗಿ ಇಮ್ಮಡಿ. ಮೊದಲನೆಯದೂ ಇಮ್ಮಡಿಯಾದರೆ 14, ಅಂದರೆ ಎರಡು ವಾರ. ಎಪ್ಪತ್ತು ಈ ಲೆಕ್ಕಕ್ಕೆ ಹೊಂದುವುದಿಲ್ಲ. ಪ್ರಾಚೀನ ಗ್ರೀಕ್ ಅನುವಾದವೂ ‘ಎರಡು ಬಾರಿ ಏಳು ದಿನ’ ಎಂದೇ ಇಟ್ಟಿದೆ.

ಅರಬಿಯಲ್ಲೂ ಇದೇ ತೊಡಕಿದೆ. ಕುರ್‌ಆನ್ 2:128ರಲ್ಲಿ ಇಬ್ರಾಹೀಮ್ ಮತ್ತು ಇಸ್ಮಾಈಲ್ ಪ್ರಾರ್ಥಿಸುತ್ತಾರೆ: ನಮ್ಮನ್ನು ‘ಮುಸ್ಲಿಮೈನಿ’ ಮಾಡು. ಅಂದರೆ, ನಿನಗೆ ಶರಣಾದ ಇಬ್ಬರನ್ನಾಗಿ ಮಾಡು. ಸ್ವರಚಿಹ್ನೆ ಇಲ್ಲದೆ ಅದನ್ನು ‘ಮುಸ್ಲಿಮೀನ’ ಎಂದೂ ಓದಬಹುದು, ಆಗ ಹಲವರು ಎಂದಾಗುತ್ತದೆ. ಇದರ ಜೊತೆಗೇ ಬರುವ ಮಾತು ‘ನಮ್ಮ ಸಂತತಿಯಿಂದಲೂ ಒಂದು ಸಮುದಾಯವನ್ನು’ ಎಂಬುದು. ಮೊದಲು ನಾವಿಬ್ಬರು, ಆಮೇಲೆ ನಮ್ಮಿಂದ ಹುಟ್ಟುವವರು ಎಂಬ ಕ್ರಮ ಸ್ಪಷ್ಟವಾಗುವುದು ದ್ವಿವಚನದಿಂದ.

ಹೆಜ್ಜೆ 4: ಇಡೀ ವಾಕ್ಯದ ವಚನಗಳ ಪಟ್ಟಿ ಮಾಡಿ

ಒಂದು ಪದ ದ್ವಿವಚನ ಎಂದು ಗೊತ್ತಾದರೆ ಕೆಲಸ ಅರ್ಧ ಮಾತ್ರ ಆಗಿರುತ್ತದೆ. ಅದರ ಅಕ್ಕಪಕ್ಕದಲ್ಲಿ ವಚನ ಬದಲಾಗುತ್ತದೆಯೇ ಎಂದು ನೋಡಬೇಕು. ಅರ್ಥ ಅಡಗಿರುವುದು ಬಹುತೇಕ ಆ ಬದಲಾವಣೆಯಲ್ಲೇ.

ಕುರ್‌ಆನ್ 10:87ರಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಮೂಸಾ, ಅಂದರೆ ಬೈಬಲಿನ ಮೋಶೆ, ಮತ್ತು ಅವರ ಸಹೋದರ ಹಾರೂನರಿಗೆ ದೇವರು ಸಂದೇಶ ಕಳಿಸುವ ವಾಕ್ಯ ಅದು. ಒಂದು ಹಾಳೆಯಲ್ಲಿ ಪದಗಳನ್ನು ಬಂದ ಕ್ರಮದಲ್ಲೇ ಬರೆದು ಪಕ್ಕದಲ್ಲಿ ವಚನ ನಮೂದಿಸಿ:

- ತಬವ್ವಆ (ನೆಲೆ ಗೊತ್ತುಮಾಡಿ): ದ್ವಿವಚನ
- ಕೌಮಿಕುಮಾ (ನಿಮ್ಮ ಜನ): ದ್ವಿವಚನ
- ಇಜ್‌ಅಲೂ (ಮಾಡಿಕೊಳ್ಳಿ): ಬಹುವಚನ
- ಬುಯೂತಕುಮ್ (ನಿಮ್ಮ ಮನೆಗಳು): ಬಹುವಚನ
- ಅಕೀಮೂ (ನಮಾಜ್ ನೆಲೆಗೊಳಿಸಿ): ಬಹುವಚನ
- ಬಶ್ಶಿರ್ (ಶುಭವಾರ್ತೆ ಕೊಡು): ಏಕವಚನ

ಒಂದೇ ವಾಕ್ಯದಲ್ಲಿ ಇಬ್ಬರು, ಎಲ್ಲರು, ಒಬ್ಬ. 1144ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ಜಮಖ್ಶರಿ ಇದನ್ನು ವಿವರಿಸಿದ ರೀತಿ ಬಹಳ ಸರಳ: ಜನರಿಗೆ ನೆಲೆ ಗೊತ್ತುಮಾಡುವುದು ಇಬ್ಬರು ಪ್ರವಾದಿಗಳ ಹೊಣೆ, ಮನೆಯನ್ನು ಕಿಬ್ಲಾ, ಅಂದರೆ ಪ್ರಾರ್ಥನೆಯ ದಿಕ್ಕಿಗೆ ಹೊಂದಿಸಿ ನಮಾಜ್ ಮಾಡುವುದು ಎಲ್ಲರ ಕರ್ತವ್ಯ, ಶುಭವಾರ್ತೆ ಕೊಡುವ ಗೌರವ ಮೂಸಾ ಅವರದು. ಕೊನೆಯ ಏಕವಚನವು ಪ್ರವಾದಿ ಮೊಹಮ್ಮದರನ್ನು ಉದ್ದೇಶಿಸಿದ್ದು ಎಂದು ಓದಿದವರೂ ಇದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ವಚನ ಬದಲಾಗಿದೆ ಎಂಬುದು ಓದುಗನಿಗೆ ಕಾಣಬೇಕು.

ಈಗ ಇದನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತಂದರೆ ಏನಾಗುತ್ತದೆ ನೋಡಿ. ಇಂಗ್ಲಿಷಿನ ‘ಯೂ’ ಒಬ್ಬನಿಗೂ ಇಬ್ಬರಿಗೂ ಸಾವಿರ ಜನರಿಗೂ ಒಂದೇ. ಅಲ್ಲಿಂದ ಕನ್ನಡಕ್ಕೆ ‘ನೀವು’ ಆಗಿ ಬರುತ್ತದೆ. ಕನ್ನಡದ ‘ನೀವು’ ಗೌರವದ ಏಕವಚನವೂ ಹೌದಾದ್ದರಿಂದ ಪ್ರವಾದಿಗಳ ವಿಷಯದಲ್ಲಿ ಯಾರಿಗೂ ಅನುಮಾನವೇ ಹುಟ್ಟುವುದಿಲ್ಲ. ‘ನೀವು ನೆಲೆ ಮಾಡಿ, ನಮಾಜ್ ಮಾಡಿ, ಶುಭವಾರ್ತೆ ಕೊಡಿ’ ಎಂಬ ನಯವಾದ ಸಾಲು ಸಿಗುತ್ತದೆ, ಮೂರು ಬೇರೆ ಬೇರೆ ಕೇಳುಗರು ಕರಗಿ ಒಂದಾಗಿರುತ್ತಾರೆ. ನಾನು ಇದನ್ನು ಹೀಗೆ ಇಡುತ್ತೇನೆ: ‘ನೀವಿಬ್ಬರೂ ನಿಮ್ಮ ಜನರಿಗಾಗಿ ಈಜಿಪ್ಟಿನಲ್ಲಿ ಮನೆಗಳನ್ನು ಗೊತ್ತುಮಾಡಿ, ನೀವೆಲ್ಲರೂ ನಿಮ್ಮ ಮನೆಗಳನ್ನು ಕಿಬ್ಲಾ ಮಾಡಿಕೊಂಡು ನಮಾಜ್ ನೆಲೆಗೊಳಿಸಿ, ವಿಶ್ವಾಸಿಗಳಿಗೆ ನೀನು ಶುಭವಾರ್ತೆ ಕೊಡು.’

ಎರಡು ವಾಕ್ಯ ಮುಂದೆ ಹೋದರೆ ಇನ್ನೊಂದು ಸ್ವಾರಸ್ಯವಿದೆ. 10:88ರಲ್ಲಿ ಪ್ರಾರ್ಥಿಸುವುದು ಮೂಸಾ ಒಬ್ಬರೇ, ‘ಮೂಸಾ ಹೇಳಿದರು’ ಎಂದೇ ಇದೆ. 10:89ರಲ್ಲಿ ದೇವರ ಉತ್ತರ ‘ದಅ್‌ವತುಕುಮಾ’, ನಿಮ್ಮಿಬ್ಬರ ಪ್ರಾರ್ಥನೆ ಈಡೇರಿದೆ. ಇನ್ನೊಬ್ಬರು ಎಲ್ಲಿಂದ ಬಂದರು? ಮೂಸಾ ಪ್ರಾರ್ಥಿಸುವಾಗ ಹಾರೂನ್ ‘ಆಮೀನ್’ ಹೇಳುತ್ತಿದ್ದರು ಎಂದು ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ. ‘ನಿಮ್ಮ ಪ್ರಾರ್ಥನೆ’ ಎಂದಷ್ಟೇ ಇರುವ ಅನುವಾದ ಓದಿದವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ, ವ್ಯಾಖ್ಯಾನ ಯಾಕೆ ಹುಟ್ಟಿತು ಎಂಬುದೂ ತಿಳಿಯುವುದಿಲ್ಲ.

ಹೆಜ್ಜೆ 5: ಆ ಇಬ್ಬರು ಯಾರು?

ಕೆಲವೆಡೆ ಪಠ್ಯವೇ ಹೆಸರಿಸುತ್ತದೆ, ಕೆಲವೆಡೆ ಹುಡುಕಬೇಕಾಗುತ್ತದೆ. ಅರ್‌ರಹ್ಮಾನ್ ಅಧ್ಯಾಯದಲ್ಲಿ ಒಂದು ಪಲ್ಲವಿ 31 ಬಾರಿ ಬರುತ್ತದೆ: ‘ಫಬಿಅಯ್ಯಿ ಆಲಾಇ ರಬ್ಬಿಕುಮಾ ತುಕಜ್ಜಿಬಾನ್’. ‘ರಬ್ಬಿಕುಮಾ’ ನಿಮ್ಮಿಬ್ಬರ ಒಡೆಯ, ‘ತುಕಜ್ಜಿಬಾನಿ’ ನೀವಿಬ್ಬರು ಅಲ್ಲಗಳೆಯುತ್ತೀರಿ. ಇದು ಮೊದಲು ಬರುವುದು 13ನೇ ವಾಕ್ಯದಲ್ಲಿ, ಅಲ್ಲಿಯವರೆಗೆ ಈ ಇಬ್ಬರ ಪರಿಚಯವೇ ಆಗಿರುವುದಿಲ್ಲ. ಮುಂದಕ್ಕೆ ಓದಬೇಕು. 14 ಮತ್ತು 15ರಲ್ಲಿ ಮನುಷ್ಯನನ್ನು ಮಣ್ಣಿನಿಂದ, ಜಿನ್ನನ್ನು ಬೆಂಕಿಯ ಜ್ವಾಲೆಯಿಂದ ಸೃಷ್ಟಿಸಿದ ಮಾತು ಬರುತ್ತದೆ. 33ರಲ್ಲಿ ‘ಜಿನ್ನ್ ಮತ್ತು ಮನುಷ್ಯರ ಸಮೂಹವೇ’ ಎಂದು ಹೆಸರು ಹಿಡಿದೇ ಕರೆಯಲಾಗಿದೆ. ಇಬ್ಬರು ಎಂದರೆ ಎರಡು ಕುಲಗಳು.

ಇಂಗ್ಲಿಷ್ ಅನುವಾದಕರಲ್ಲಿ ಪಿಕ್ತಾಲ್ (1930) ಇಲ್ಲಿ ಬಹುವಚನವನ್ನಷ್ಟೇ ಬಳಸಿದರು, ಎರಡು ಎಂಬುದು ಹೋಯಿತು. 1955ರಲ್ಲಿ ಆರ್ಬೆರಿ ‘ಯೂ ಆ್ಯಂಡ್ ಯೂ’ ಎಂದು ಬರೆದರು. ಕೇಳಲು ವಿಚಿತ್ರ, ಆದರೆ ಆ ವಿಚಿತ್ರವೇ ಓದುಗನನ್ನು ನಿಲ್ಲಿಸಿ ‘ಇವರಿಬ್ಬರು ಯಾರು’ ಎಂದು ಕೇಳಿಸುತ್ತದೆ.

66ನೇ ಅಧ್ಯಾಯದಲ್ಲಿ ಇದೇ ಹೆಜ್ಜೆ ಇನ್ನೂ ಎಚ್ಚರದಿಂದ ಇಡಬೇಕು. ಪ್ರವಾದಿಯ ಮನೆಯ ಒಂದು ಪ್ರಸಂಗ ಅದು. 66:4ರಲ್ಲಿ ‘ನೀವಿಬ್ಬರು ಪಶ್ಚಾತ್ತಾಪ ಪಟ್ಟರೆ’ ಎಂದು ಇಬ್ಬರು ಹೆಂಗಸರನ್ನು ಕುರಿತು ಹೇಳಿದೆ. ಹೆಸರಿಲ್ಲ. ಅವರು ಆಯಿಶಾ ಮತ್ತು ಹಫ್ಸಾ ಎಂದು ಉಮರ್ ಉತ್ತರಿಸಿದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಮುಂದಿನ 66:5ರಲ್ಲಿ ‘ಅವರು ನಿಮಗೆ ವಿಚ್ಛೇದನ ಕೊಟ್ಟರೆ’ ಎಂಬಲ್ಲಿ ಸರ್ವನಾಮ ‘ಕುನ್ನ’, ಸ್ತ್ರೀಲಿಂಗ ಬಹುವಚನ: ಈಗ ಮಾತು ಪತ್ನಿಯರೆಲ್ಲರಿಗೂ. ಎರಡೂ ಕಡೆ ‘ನೀವು’ ಎಂದು ಬರೆದರೆ ಗದರಿಕೆ ಎಲ್ಲರ ಮೇಲೂ ಬೀಳುತ್ತದೆ, ಅಥವಾ ವಿಚ್ಛೇದನದ ಎಚ್ಚರಿಕೆ ಇಬ್ಬರಿಗಷ್ಟೇ ಸೀಮಿತವಾಗುತ್ತದೆ. ಎರಡೂ ತಪ್ಪು.

ಹೆಜ್ಜೆ 6: ವ್ಯಾಕರಣವೇ ಸಡಿಲವಾಗುವ ಕಡೆ ಗಾಬರಿಯಾಗಬೇಡಿ

ಅದೇ 66:4ರಲ್ಲಿ ‘ಕುಲೂಬುಕುಮಾ’ ಎಂಬ ಪದವಿದೆ. ‘ಕುಮಾ’ ನಿಮ್ಮಿಬ್ಬರ, ಸರಿ. ‘ಕುಲೂಬ್’ ಮಾತ್ರ ಬಹುವಚನ, ಹೃದಯಗಳು. ಇಬ್ಬರಿಗೆ ಎರಡೇ ಹೃದಯ ಅಲ್ಲವೇ, ದ್ವಿವಚನ ಯಾಕಿಲ್ಲ? ಒಬ್ಬೊಬ್ಬರಲ್ಲಿ ಒಂದೇ ಇರುವ ಅಂಗವನ್ನು ಇಬ್ಬರಿಗೆ ಸೇರಿಸಿ ಹೇಳುವಾಗ ಅರಬಿ ಬಹುವಚನವನ್ನು ಮೆಚ್ಚುತ್ತದೆ, ದ್ವಿವಚನದ ಮೇಲೆ ದ್ವಿವಚನ ಹೇರುವುದಿಲ್ಲ. ಎಣಿಕೆಯನ್ನು ಹೇಳುವುದು ಸರ್ವನಾಮ, ನಾಮಪದವಲ್ಲ. ಕನ್ನಡದಲ್ಲಿ ‘ನಿಮ್ಮಿಬ್ಬರ ಹೃದಯ’ ಎಂದು ಏಕವಚನದಲ್ಲಿ ಇಟ್ಟರೆ ಸಹಜವಾಗಿ ಕೂರುತ್ತದೆ.

ಗುಂಪುಗಳ ವಿಷಯದಲ್ಲೂ ಹೀಗೆಯೇ. 49:9ರಲ್ಲಿ ‘ವಿಶ್ವಾಸಿಗಳ ಎರಡು ಗುಂಪು’ ಎಂಬುದು ದ್ವಿವಚನ, ‘ಕಾದಾಡಿದರೆ’ ಎಂಬ ಕ್ರಿಯಾಪದ ಬಹುವಚನ, ‘ಅವೆರಡರ ನಡುವೆ ಸಂಧಿ ಮಾಡಿಸಿ’ ಎಂಬಲ್ಲಿ ಮತ್ತೆ ದ್ವಿವಚನ. ಕಾದಾಡುವವರು ಹಲವರು, ರಾಜಿ ಆಗಬೇಕಾದದ್ದು ಎರಡು ಪಕ್ಷಗಳ ನಡುವೆ.

ಹೆಜ್ಜೆ 7: ಕನ್ನಡಕ್ಕೆ ತರುವಾಗ ಎಲ್ಲಿ ತೋರಿಸಬೇಕು, ಎಲ್ಲಿ ಬಿಡಬೇಕು

ದ್ವಿವಚನ ಕಂಡಲ್ಲೆಲ್ಲ ‘ಎರಡು’ ಎಂದು ಬರೆದರೆ ಓದಲು ಆಗುವುದಿಲ್ಲ. ಕೀರ್ತನೆ 121ರ ಆರಂಭದಲ್ಲಿ ‘ನನ್ನ ಕಣ್ಣುಗಳನ್ನು ಬೆಟ್ಟಗಳ ಕಡೆ ಎತ್ತುತ್ತೇನೆ’ ಎಂಬಲ್ಲಿ ಕಣ್ಣು ಮೂಲದಲ್ಲಿ ಜೋಡಿಯೇ. ಕನ್ನಡದಲ್ಲಿ ‘ಕಣ್ಣೆತ್ತಿ ನೋಡುತ್ತೇನೆ’ ಎಂದರೆ ಎರಡೂ ಕಣ್ಣು ಎಂದೇ ಅರ್ಥ. ನಮ್ಮಲ್ಲಿ ಬಿಡಿಸಿ ಹೇಳಬೇಕಾಗುವುದು ಒಂದೇ ಕಣ್ಣು ಇದ್ದಾಗ.

ಮೂಲದಲ್ಲೇ ಒಂದು ಮತ್ತು ಎರಡು ಎದುರುಬದುರಾದರೆ ಬಿಡುವ ಹಾಗಿಲ್ಲ. ಕುರ್‌ಆನ್ 5:64ರಲ್ಲಿ ‘ದೇವರ ಕೈ ಕಟ್ಟಿದೆ’ ಎಂಬ ಆರೋಪ ಏಕವಚನದಲ್ಲಿದೆ, ‘ಯದು’. ಉತ್ತರ ದ್ವಿವಚನದಲ್ಲಿದೆ, ‘ಯದಾಹು’: ಇಲ್ಲ, ಅವನ ಎರಡೂ ಕೈಗಳು ತೆರೆದಿವೆ. ಇಲ್ಲಿ ‘ಅವನ ಕೈ ತೆರೆದಿದೆ’ ಎಂದರೆ ಉತ್ತರದ ಬಿರುಸೇ ಹೋಗುತ್ತದೆ.

ಪಲ್ಲವಿಯ ವಿಷಯದಲ್ಲಿ ನನಗೆ ‘ನೀವಿಬ್ಬರೂ’ ಸರಿ ಎನಿಸುವುದಿಲ್ಲ, ಅದು ಎದುರಿಗೆ ನಿಂತ ಇಬ್ಬರು ವ್ಯಕ್ತಿಗಳನ್ನು ಕಣ್ಣಮುಂದೆ ತರುತ್ತದೆ. ಎರಡು ಕುಲಗಳಿಗೆ ‘ಉಭಯರೂ’ ಒಪ್ಪುತ್ತದೆ: ‘ನಿಮ್ಮೊಡೆಯನ ಯಾವ ಕೊಡುಗೆಯನ್ನು ನೀವು ಉಭಯರೂ ಅಲ್ಲಗಳೆಯುವಿರಿ?’ ಮೂಸಾ ಹಾರೂನರಿಗೆ ಮಾತ್ರ ‘ಇಬ್ಬರೂ’ ಸರಿಯಾದ ಪದ. ಅದನ್ನು ಪ್ರತಿ ಕ್ರಿಯಾಪದಕ್ಕೂ ಅಂಟಿಸದೆ, ಕೇಳುಗರು ಬದಲಾಗುವ ಜಾಗದಲ್ಲಿ ಇಟ್ಟರೆ ಸಾಕು.

ಬರೆದಾದ ಮೇಲೆ ಹೆಜ್ಜೆ 4ರ ಪಟ್ಟಿಯನ್ನು ಮುಚ್ಚಿಟ್ಟು, ಮೂಲ ಗೊತ್ತಿಲ್ಲದ ಒಬ್ಬರಿಗೆ ಕನ್ನಡ ಸಾಲನ್ನು ಓದಿ ಹೇಳಿ, ಪ್ರತಿ ಮಾತೂ ಯಾರಿಗೆ ಹೇಳಿದ್ದು ಎಂದು ಕೇಳಿ. ಅವರ ಉತ್ತರ ಪಟ್ಟಿಗೆ ಹೊಂದದಿದ್ದರೆ ಸಾಲನ್ನು ತಿದ್ದಬೇಕು.

ಇನ್ನು ವಿವಾದ ಇರುವ ಕಡೆ. 55:46ರಲ್ಲಿ ದೇವರಿಗೆ ಅಂಜಿದವನಿಗೆ ‘ಜನ್ನತಾನ್’, ಎರಡು ಉದ್ಯಾನ ಸಿಗುತ್ತವೆ ಎಂದಿದೆ. ವ್ಯಾಕರಣಕಾರ ಅಲ್‌ಫರ್ರಾ (ಮರಣ 822) ಪ್ರಾಸಕ್ಕಾಗಿ ಅರಬರು ಒಂದನ್ನು ಎರಡಾಗಿಸಿ ಹೇಳುವುದುಂಟು, ಇಲ್ಲೂ ಒಂದೇ ಉದ್ಯಾನ ಇರಬಹುದು ಎಂದರು. ಇಬ್ನ್ ಕುತೈಬಾ (ಮರಣ 889) ಇದನ್ನು ಖಾರವಾಗಿಯೇ ತಳ್ಳಿಹಾಕಿದರು. ಪಠ್ಯ ಇಬ್ನ್ ಕುತೈಬಾ ಪರವಾಗಿದೆ ಎಂಬುದು ನನ್ನ ಅಭಿಪ್ರಾಯ: 50ರಲ್ಲಿ ‘ಅವೆರಡರಲ್ಲಿ ಹರಿಯುವ ಎರಡು ಚಿಲುಮೆ’ ಎಂದು ಪ್ರಾಸದ ಜಾಗವಲ್ಲದ ವಾಕ್ಯದ ಮೊದಲಲ್ಲೇ ‘ಫೀಹಿಮಾ’ ಎಂಬ ದ್ವಿವಚನ ಸರ್ವನಾಮ ಬಂದಿದೆ, 62ರಲ್ಲಿ ‘ಅವೆರಡಲ್ಲದೆ ಇನ್ನೂ ಎರಡು ಉದ್ಯಾನ’ ಎಂದು ಲೆಕ್ಕ ಮುಂದುವರಿದಿದೆ. ಇಂಥ ಕಡೆ ಅನುವಾದದ ಸಾಲಿನಲ್ಲಿ ಎರಡು ಎಂದೇ ಇರಲಿ, ಫರ್ರಾ ಅವರ ಮಾತು ಅಡಿಟಿಪ್ಪಣಿಗೆ ಹೋಗಲಿ.